ಪದಚರ್ಚೆ: ‘ಬಿದ್‌ಅತ್’ ಎಂಬುದಕ್ಕೆ ‘ಮೂಢನಂಬಿಕೆ’ ಎನ್ನಬಹುದೇ?

ಪ್ರಶ್ನೆ: ಬ್ರಿಟಿಷರ ಕಾಲದ ಉತ್ತರ ಭಾರತದಲ್ಲಿ ದೇವಬಂದಿ ಮತ್ತು ಬರೇಲ್ವಿ ಉಲೇಮಾಗಳ ನಡುವೆ ದರ್ಗಾ, ಉರುಸು, ಫಾತಿಹಾಗಳ ಕುರಿತು ನಡೆದ ವಾದಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಬಿದ್‌ಅತ್’ ಎಂದಿರುವಲ್ಲೆಲ್ಲ ‘ಮೂಢನಂಬಿಕೆ’ ಎಂದು ಬರೆದರೆ ಅರ್ಥ ಕೆಡುತ್ತದೆಯೇ?

ಮೊದಲ ಉತ್ತರ: ಧಾರಾಳವಾಗಿ ಬರೆಯಬಹುದು. ದೇವಬಂದಿನವರು ಸೂಫಿ ಮಾರ್ಗವನ್ನೇ ಒಪ್ಪದ ಸುಧಾರಕರು. ಗೋರಿಗೆ ಸಾಷ್ಟಾಂಗ ಎರಗುವುದನ್ನು ಅವರು ಖಂಡಿಸಿದ್ದರು.

ಎರಡನೆಯ ಉತ್ತರ: ಖಂಡಿಸಿದ್ದು ನಿಜ, ಆದರೆ ಬರೇಲಿಯ ಅಹ್ಮದ್ ರಜಾ ಖಾನ್ ಕೂಡ ಗೋರಿಗೆ ಸಜ್ದಾ ಮಾಡುವುದನ್ನು ನಿಷೇಧಿಸಿ ಬರೆದಿದ್ದಾರೆ. 1866ರಲ್ಲಿ ಆರಂಭವಾದ ದೇವಬಂದ್ ಮದರಸಾದ ಹಿರಿಯರಾದ ರಶೀದ್ ಅಹ್ಮದ್ ಗಂಗೋಹಿಯವರಂತೂ ಸ್ವತಃ ಚಿಶ್ತಿ ಪರಂಪರೆಯ ಪೀರರಾಗಿದ್ದರು. ಆದ್ದರಿಂದ ಜಗಳ ಸೂಫಿಗಳಿಗೂ ಸೂಫಿವಿರೋಧಿಗಳಿಗೂ ನಡುವಿನದಲ್ಲ. ಸತ್ತವರ ಹೆಸರಿನಲ್ಲಿ ಕುರಾನ್ ಓದಿಸಿ, ಬಡವರಿಗೆ ಉಣಬಡಿಸಿ, ಅದರ ಪುಣ್ಯವನ್ನು ಅವರಿಗೆ ಸಲ್ಲಿಸುವುದನ್ನು ಗಂಗೋಹಿಯವರೂ ಒಪ್ಪುತ್ತಿದ್ದರು. ಅದಕ್ಕೆ ಇಂಥದೇ ದಿನವೆಂದು ಕಟ್ಟುಹಾಕಿ, ಶರೀಅತ್ ವಿಧಿಸದ್ದನ್ನು ಜನರು ಕಡ್ಡಾಯವೆಂದು ತಿಳಿಯತೊಡಗಿದಾಗ ಅದು ಬಿದ್‌ಅತ್ ಆಗುತ್ತದೆ ಎಂಬುದು ಅವರ ವಾದ. ಅವರ ಗುರುಗಳೇ ಆದ, 1857ರ ದಂಗೆಯ ಬಳಿಕ ಮೆಕ್ಕಾದಲ್ಲಿ ನೆಲೆಸಿದ ಹಾಜಿ ಇಮ್ದಾದುಲ್ಲಾ ಅವರು, ಏಳು ವಿವಾದಗಳ ಕುರಿತು ಬರೆಸಿದ ‘ಫೈಸಲಾ-ಎ-ಹಫ್ತ್ ಮಸಲಾ’ದಲ್ಲಿ, ಅನುಕೂಲಕ್ಕಾಗಿ ದಿನ ಗೊತ್ತುಪಡಿಸಿಕೊಂಡರೆ ತಪ್ಪಿಲ್ಲ, ಆ ದಿನವನ್ನೇ ಆರಾಧನೆಯೆಂದು ಬಗೆಯಬಾರದು ಅಷ್ಟೇ ಎಂದರು. ಶಿಷ್ಯರು ಗುರುಗಳನ್ನು ಬಿಡಲಿಲ್ಲ, ಗುರುಗಳ ಈ ತೀರ್ಪನ್ನು ಒಪ್ಪಲೂ ಇಲ್ಲ. ಇಡೀ ವಿವಾದದಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಈ ಸಂಗತಿ. ‘ಮೂಢನಂಬಿಕೆ’ ಎಂದೊಡನೆ ಆಚರಣೆಯ ಹಿಂದಿರುವ ನಂಬಿಕೆಯೇ ಸುಳ್ಳೆಂದಂತಾಗುತ್ತದೆ. ಇಲ್ಲಿ ಇಬ್ಬರ ನಂಬಿಕೆಯೂ ಒಂದೇ.

ಮೂರನೆಯ ಉತ್ತರ: ನಮ್ಮ ಕಲಬುರಗಿ ಕಡೆ ‘ಉರುಸು’ ಎಂದೇ ಬಳಸುತ್ತೇವೆ, ಅನುವಾದ ಬೇಕಿಲ್ಲ. ಬಂದೇನವಾಜರ ಉರುಸು ಪ್ರತಿವರ್ಷ ಜುಲ್‌ಖಾದ ತಿಂಗಳಲ್ಲೇ ಬರುತ್ತದೆ. ಗಂಧದ ಮೆರವಣಿಗೆಗೆ ಎಲ್ಲ ಜಾತಿಯವರೂ ಸೇರುತ್ತಾರೆ. ದಿನ ಗೊತ್ತಿಲ್ಲದಿದ್ದರೆ ದೂರದ ಊರಿನವರು ಬರುವುದಾದರೂ ಹೇಗೆ?

ಎರಡನೆಯವರು ಮತ್ತೆ: ಪ್ರಶ್ನೆ ಉರುಸು ಎಂಬ ಪದದ್ದಲ್ಲ, ಆದರೆ ನೀವು ಕೊನೆಗೆ ಕೇಳಿದ್ದು ಹೆಚ್ಚುಕಡಿಮೆ ಇಮ್ದಾದುಲ್ಲಾ ಅವರ ಮಾತೇ.

ಪ್ರಶ್ನೆ ಕೇಳಿದವರು: ಹಾಗಾದರೆ ‘ಧರ್ಮದಲ್ಲಿ ಹೊಸದಾಗಿ ಸೇರಿಸಿದ ಆಚಾರ’ ಎಂದು ಬಿಡಿಸಿ ಬರೆಯುತ್ತೇನೆ. ತೊಡಕೊಂದು ಉಳಿಯಿತು. ಬರೇಲ್ವಿ ಪಕ್ಷದವರು ‘ಬಿದ್‌ಅತ್-ಎ-ಹಸನಾ’, ಅಂದರೆ ಒಳ್ಳೆಯ ಬಿದ್‌ಅತ್, ಉಂಟೆಂದು ವಾದಿಸುವಲ್ಲಿ ಈ ಬಿಡಿಸಿದ ರೂಪ ಹೊಂದುತ್ತದೆ. ಆದರೆ ದೇವಬಂದಿ ಫತ್ವಾಗಳಲ್ಲಿ ಆ ಪದವೇ ದೋಷಾರೋಪ, ಎದುರಾಳಿಯನ್ನು ‘ಬಿದ್‌ಅತೀ’ ಎಂದು ಕರೆಯುವುದಂತೂ ಬೈಗುಳಕ್ಕೆ ಸಮ. ಆ ಕಟುತ್ವ ನನ್ನ ರೂಪದಲ್ಲಿ ಬರುತ್ತಿಲ್ಲ. ಎರಡೂ ಕಡೆ ಸಲ್ಲುವ ಒಂದೇ ಕನ್ನಡ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.