ಅಪ್‌ಡೇಟ್: ಡೆಲಿವರಿ ಹುಡುಗರ ವಾರದ ಪೇಮೆಂಟ್ ಯಾಕೆ ತಡ ಅಂತ ಹೇಳಿದ್ದು ಹೀಗೆ

ನನ್ನ ಪ್ರಶ್ನೆ: "ಬುಧವಾರ ಬರಬೇಕಿದ್ದ ಪೇಮೆಂಟ್ ಬಂದಿಲ್ಲ. ನಮ್ಮ ಹಬ್‌ನ ಹುಡುಗರಿಗೆ ಏನಂತ ಹೇಳಲಿ?"

ಬ್ಯಾಂಕ್ ರಜೆ ಅಂತ ಹೇಳಿಬಿಡಿ ಅಂದರು ಆಫೀಸಿನಲ್ಲಿ. ನಾನು ಒಪ್ಪಲಿಲ್ಲ. 2019ರ ಡಿಸೆಂಬರ್‌ನಿಂದ ನೆಫ್ಟ್ ರಜೆಯಲ್ಲೂ ನಡೆಯುತ್ತದೆ, ಹುಡುಗರಿಗೆ ಅದು ಗೊತ್ತು. ಅಕೌಂಟ್ಸ್‌ನಲ್ಲಿ ಪಟ್ಟು ಹಿಡಿದು ಕೇಳಿದೆ. ಪೇಮೆಂಟ್ ಫೈಲನ್ನು ಒಬ್ಬರು ಬ್ಯಾಂಕಿಗೆ ಅಪ್‌ಲೋಡ್ ಮಾಡಿದರೆ ಇನ್ನೊಬ್ಬರು ಒಪ್ಪಿಗೆ ಕೊಡಬೇಕು. ಆ ಎರಡನೆಯವರು ರಜೆಯಲ್ಲಿದ್ದರು, ಅಷ್ಟೇ.

ಗುಂಪಿಗೆ ಹೀಗೆ ಬರೆದೆ: "ಸೋಮವಾರದಿಂದ ಭಾನುವಾರದವರೆಗಿನ ನಿಮ್ಮ ದುಡ್ಡಿನ ಫೈಲ್ ಒಪ್ಪಿಗೆಗೆ ಕಾದಿದೆ. ಗುರುವಾರ ಸಂಜೆ 6ಕ್ಕೆ ಒಪ್ಪಿಗೆ ಸಿಗುತ್ತದೆ, ರಾತ್ರಿ 9ರೊಳಗೆ ಖಾತೆಗೆ ಬರುತ್ತದೆ. ಇನ್ಸೆಂಟಿವ್ ಕಡಿತ ಇಲ್ಲ."

ನೆಫ್ಟ್ ಅರ್ಧ ಗಂಟೆಗೊಂದು ಬ್ಯಾಚ್. ಬ್ಯಾಚ್ ಮುಗಿದು ಎರಡು ಗಂಟೆಯೊಳಗೆ ದುಡ್ಡು ಜಮೆ ಆಗಬೇಕು, ಇಲ್ಲವೇ ವಾಪಸ್ ಬರಬೇಕು. ಅದಕ್ಕೇ 9 ಅಂದಿದ್ದು.

ಹೆಚ್ಚಿನವರಿಗೆ ಬಂತು. ಒಬ್ಬನದು ಮಾತ್ರ ವಾಪಸ್. ಅವನದು ಹಳೇ ಸಿಂಡಿಕೇಟ್ ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ ಇನ್ನೂ SYNB ಅಂತಲೇ ಇತ್ತು. ಕೆನರಾ ಜೊತೆ ವಿಲೀನವಾದ ಮೇಲೆ, 2021ರ ಜುಲೈನಿಂದ ಅದು ನಡೆಯಲ್ಲ. CNRB ಕೋಡ್ ಹಾಕಿಸಿದ್ದೇನೆ. "ಶನಿವಾರ ಬರುತ್ತೆ, ಯುಟಿಆರ್ ನಂಬರ್ ನಾನೇ ಕಳಿಸ್ತೀನಿ" ಅಂತ ಫೋನ್ ಮಾಡಿ ಹೇಳಿದೆ.