ಬಿಟ್ಟು ಹೋಗುವವರೇ ನಮಗೆ 1,748 ಕೊಡಬೇಕಾ? ಒಂದು ಫೈನಲ್ ಸೆಟಲ್‌ಮೆಂಟ್ ಲೆಕ್ಕ

ಪ್ರಶ್ನೆ (ಅಕೌಂಟೆಂಟ್, ಹುಬ್ಬಳ್ಳಿ): ನಮಸ್ಕಾರ ಸರ್. ನಾನು ಎಲೆಕ್ಟ್ರಿಕಲ್ ಸಾಮಾನಿನ ಡಿಸ್ಟ್ರಿಬ್ಯೂಟರ್ ಒಬ್ಬರ ಹತ್ತಿರ ಲೆಕ್ಕ ಬರೆಯುತ್ತೇನೆ. ಬಿಲ್ಲಿಂಗ್ ನೋಡುತ್ತಿದ್ದ ಹುಡುಗಿ ಜೂನ್ 3ಕ್ಕೆ ರಾಜೀನಾಮೆ ಕೊಟ್ಟಳು. 18ಕ್ಕೆ ಕೊನೆಯ ದಿನ. ನೋಟಿಸ್ 30 ದಿನ, 15 ದಿನ ಕಡಿಮೆ ಬಿತ್ತು. ಸಂಬಳ 30,000: ಬೇಸಿಕ್ 20,000, ಎಚ್‌ಆರ್‌ಎ 8,000, ಕನ್ವೇಯನ್ಸ್ 2,000. ರಜೆ 21 ದಿನ ಬಾಕಿ ಇದೆ. 40,000 ಅಡ್ವಾನ್ಸ್ ತಗೊಂಡಿದ್ದಳು, 15,000 ಉಳಿದಿದೆ. ನಮ್ಮ ಸಾಹುಕಾರ್ರು ಹೇಳಿದ ಹಾಗೆ ಲೆಕ್ಕ ಹಾಕಿದರೆ ಅವಳೇ ನಮಗೆ 1,748 ಕೊಡಬೇಕು ಅಂತ ಬರ್ತದೆ. ನೋಟಿಸ್‌ಗೆ ಪೂರ್ತಿ ಸಂಬಳವನ್ನು 26ರಿಂದ ಭಾಗಿಸಿದೆ, ರಜೆಗೆ ಬೇಸಿಕ್ ಮಾತ್ರ 30ರಿಂದ. ಸರಿ ಇದೆಯಾ? ದುಡ್ಡು ಮುಂದಿನ ತಿಂಗಳ ಸಂಬಳದ ಜೊತೆ ನೋಡೋಣ ಅಂತಾರೆ.

ಲೇಬರ್ ಕನ್ಸಲ್ಟೆಂಟ್, ಧಾರವಾಡ: ಮೇಡಂ, ನಿಮ್ಮ ಸಾಹುಕಾರ್ರ ಹತ್ತಿರ ಎರಡು ತಕ್ಕಡಿ ಇವೆ. ವಸೂಲಿಗೆ ದೊಡ್ಡದು, ಕೊಡೋಕೆ ಚಿಕ್ಕದು. ತಪ್ಪಾಗಿರೋದು ಅಲ್ಲೇ.

ಮೊದಲು ನೋಟಿಸ್. ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಆ ಸಾಲು ಓದಿ. ನೋಟಿಸ್ ಬದಲು ಬೇಸಿಕ್ ಕೊಡಬೇಕು ಅಂತಿದೆಯಾ, ಪೂರ್ತಿ ಸಂಬಳ ಅಂತಿದೆಯಾ? ಅಲ್ಲಿ ಬರೆದದ್ದಕ್ಕಿಂತ ಒಂದು ರೂಪಾಯಿಯೂ ಜಾಸ್ತಿ ಹಿಡಿಯುವ ಹಾಗಿಲ್ಲ. ಆಮೇಲೆ ಆ 26. ತಿಂಗಳಲ್ಲಿ ಭಾನುವಾರ ಬಿಟ್ಟರೆ ಸುಮಾರು 26 ದಿನ ಕೆಲಸ ಅನ್ನೋ ಲೆಕ್ಕದಿಂದ ಅದು ಬಂದಿದೆ. ಆದರೆ ಕಡಿಮೆ ಬಿದ್ದ ನಿಮ್ಮ 15 ದಿನ ಜೂನ್ 19ರಿಂದ ಜುಲೈ 3ರವರೆಗಿನ ಕ್ಯಾಲೆಂಡರ್ ದಿನ. ಅದರಲ್ಲಿ ಭಾನುವಾರಗಳೂ ಸೇರಿವೆ. ಭಾಗಿಸುವಾಗ ಭಾನುವಾರ ಬಿಟ್ಟು, ಗುಣಿಸುವಾಗ ಸೇರಿಸಿದರೆ ಆ ದಿನಗಳಿಗೆ ಎರಡು ಸಲ ದುಡ್ಡು ಹಿಡಿದ ಹಾಗೆ.

ಇನ್ನೊಂದು ವಿಷಯ ಹೇಳಿ. ಯಾರಾದರೂ ಒಂದು ದಿನ ಸಂಬಳವಿಲ್ಲದ ರಜೆ ಹಾಕಿದರೆ ಎಷ್ಟರಿಂದ ಭಾಗಿಸಿ ಕತ್ತರಿಸುತ್ತೀರಿ?

ಅಕೌಂಟೆಂಟ್, ಹುಬ್ಬಳ್ಳಿ: 30ರಿಂದ ಸರ್. ಮೊದಲಿಂದ ಹಂಗೇ ಮಾಡ್ತೀವಿ. ಲೆಟರ್ ತೆಗೆದು ನೋಡಿದೆ. "ಒಂದು ತಿಂಗಳ ನೋಟಿಸ್, ಇಲ್ಲವೇ ಅಷ್ಟು ದಿನದ ಬೇಸಿಕ್" ಅಂತ ಬರೆದಿದೆ. ರಜೆ ಬಗ್ಗೆ ಏನೂ ಇಲ್ಲ.

ಲೇಬರ್ ಕನ್ಸಲ್ಟೆಂಟ್, ಧಾರವಾಡ: ಹಾಗಾದರೆ ಉತ್ತರ ನಿಮ್ಮ ರಿಜಿಸ್ಟರ್‌ನಲ್ಲೇ ಇದೆ. ವರ್ಷಗಟ್ಟಲೆ 30ರಿಂದ ಕತ್ತರಿಸಿದವರು ಹೋಗುವ ದಿನ 26ಕ್ಕೆ ಹಾರೋಕೆ ಆಗಲ್ಲ.

ಜೂನ್‌ನಲ್ಲಿ ಅವರು ಇದ್ದದ್ದು 18 ದಿನ, ಸಂಬಳ 18,000. ರಜೆಗೆ ನಾನಾದರೆ ಪೂರ್ತಿ ಸಂಬಳ ಹಿಡಿಯುತ್ತೇನೆ. ಶಾಪ್ಸ್ ಆಕ್ಟ್‌ನಲ್ಲಿ 20 ದಿನ ಕೆಲಸಕ್ಕೆ ಒಂದು ದಿನ ಅಂತ ಗಳಿಸೋದು ಸಂಬಳ ಸಹಿತ ರಜೆ. ಈ ಹುಡುಗಿ ಕೆಲಸ ಬಿಡದೆ ಆ 21 ದಿನ ರಜೆ ಹಾಕಿ ಮನೆಯಲ್ಲಿ ಕೂತಿದ್ದರೆ ಎಚ್‌ಆರ್‌ಎ ಕಡಿಯುತ್ತಿದ್ರಾ? ಇಲ್ಲ ಅಲ್ವಾ. ಹಾಗಾಗಿ 21,000.

ನೋಟಿಸ್‌ಗೆ ಬೇಸಿಕ್ 20,000, 30ರಿಂದ ಭಾಗಿಸಿ 15 ದಿನಕ್ಕೆ 10,000. ಪಿಎಫ್ ಕೆಲಸ ಮಾಡಿದ ದಿನಗಳ ಬೇಸಿಕ್ 12,000ದ ಮೇಲೆ ಮಾತ್ರ, 1,440. ರಜೆ ದುಡ್ಡಿಗೆ ಪಿಎಫ್ ಬೇಡ. 2008ರಲ್ಲಿ ನಮ್ಮ ಮಣಿಪಾಲದ ಸಂಸ್ಥೆಯ ಕೇಸಿನಲ್ಲೇ ಸುಪ್ರೀಂ ಕೋರ್ಟ್ ಅದನ್ನು ಹೇಳಿದೆ. ರಜೆ ದುಡ್ಡು ಬಿಟ್ಟು ಜೂನ್ ಸಂಬಳ 25,000 ಮುಟ್ಟದ ಕಾರಣ ವೃತ್ತಿ ತೆರಿಗೆಯೂ ಬರಲ್ಲ. ಅಡ್ವಾನ್ಸ್ 15,000.

18,000 + 21,000 − 1,440 − 10,000 − 15,000 = 12,560

ಅಂದರೆ ಅವರು ನಿಮಗೆ 1,748 ಕೊಡೋದಲ್ಲ, ನೀವು ಅವರಿಗೆ 12,560 ಕೊಡೋದು.

ಎಚ್‌ಆರ್, ಬೆಂಗಳೂರು: ಇಷ್ಟೆಲ್ಲ ಯಾಕೆ ಸರ್? 15 ದಿನ ರಜೆಯನ್ನ ನೋಟಿಸ್‌ಗೆ ಹೊಂದಿಸಿಬಿಡಿ. ದಿನಕ್ಕೆ ದಿನ ಸರಿಹೋಯ್ತು. ಉಳಿದ 6 ದಿನದ ದುಡ್ಡು ಕೊಡಿ. ನಮ್ಮಲ್ಲಿ ಹಾಗೇ ಮಾಡೋದು, ಹುಡುಗರಿಗೂ ಖುಷಿ.

ಲೇಬರ್ ಕನ್ಸಲ್ಟೆಂಟ್, ಧಾರವಾಡ: ಎರಡಕ್ಕೂ ದಿನದ ಬೆಲೆ ಒಂದೇ ಇದ್ದರೆ ಅಡ್ಡಿಯಿಲ್ಲ ಮೇಡಂ. ಇಲ್ಲಿ ರಜೆಯ ಒಂದು ದಿನ 1,000, ನೋಟಿಸ್‌ನ ಒಂದು ದಿನ 667. ದಿನಕ್ಕೆ ದಿನ ಹೊಂದಿಸಿದರೆ 10,000ದ ಬಾಕಿ ತೀರಿಸೋಕೆ 15,000ದ ರಜೆ ಬಿಟ್ಟುಕೊಟ್ಟ ಹಾಗಾಯ್ತು. ಖುಷಿಯಾದ ಹುಡುಗರು ಲೆಕ್ಕ ಹಾಕಿರಲಿಕ್ಕಿಲ್ಲ.

ಎಚ್‌ಆರ್, ಬೆಂಗಳೂರು: ಸರಿ, ಒಪ್ಪಿದೆ. ಆದರೆ ರಜೆಗೆ 30 ಅನ್ನೋದನ್ನ ಒಪ್ಪಲ್ಲ. ಶುಕ್ರವಾರದಿಂದ ಸೋಮವಾರದವರೆಗೆ ರಜೆ ಹಾಕಿದರೆ ಭಾನುವಾರವನ್ನ ನಾವು ರಜೆ ಅಂತ ಎಣಿಸಲ್ಲ. ಅಂದಮೇಲೆ ರಜೆಯ ದಿನ ಅಂದರೆ ಕೆಲಸದ ದಿನ. ಅದಕ್ಕೆ 26ರಿಂದಲೇ ಭಾಗಿಸಬೇಕು. 21 ದಿನಕ್ಕೆ 24,231 ಆಗತ್ತೆ.

ಲೇಬರ್ ಕನ್ಸಲ್ಟೆಂಟ್, ಧಾರವಾಡ: ಆ ವಾದಕ್ಕೆ ಬಲ ಇದೆ. ಹುಬ್ಬಳ್ಳಿ ಮೇಡಂ, ನಿಮ್ಮಲ್ಲೂ ನಡುವಿನ ಭಾನುವಾರವನ್ನು ರಜೆಗೆ ಎಣಿಸದಿದ್ದರೆ, ಆ ಹುಡುಗಿ 26 ಕೇಳಿದಾಗ ಸುಲಭಕ್ಕೆ ಇಲ್ಲ ಅನ್ನೋಕೆ ಆಗಲ್ಲ. ನೀವು ಇಷ್ಟು ದಿನ ನಡೆಸಿಕೊಂಡು ಬಂದದ್ದು 30 ಅಂತ ನಾನು 30 ಹಿಡಿದೆ. ಬೇಸಿಕ್ ಮಾತ್ರ ಹಿಡಿಯೋದಂತೂ ನನಗೆ ಒಪ್ಪಿಗೆಯಿಲ್ಲ.

ಮೊದಲು ಖಾಸಗಿ ಕಂಪನಿಯಲ್ಲಿದ್ದವರು, ಮೈಸೂರು: ನನ್ನ ಹಳೇ ಕಂಪನಿ ಲ್ಯಾಪ್‌ಟಾಪ್ ಚಾರ್ಜರ್ ಕೊಟ್ಟಿಲ್ಲ ಅಂತ ರಿಲೀವಿಂಗ್ ಲೆಟರನ್ನೇ ನಾಲ್ಕು ತಿಂಗಳು ತಡೆದಿತ್ತು. ಗ್ರಾಚುಟಿನೂ ಕೊಡಲಿಲ್ಲ. ಹೊಸ ಕಾನೂನಿನಲ್ಲಿ ಒಂದು ವರ್ಷ ಆದರೆ ಗ್ರಾಚುಟಿ ಉಂಟಂತಲ್ಲ. ಈ ಹುಡುಗಿಗೂ ಅದನ್ನ ಸೇರಿಸಿ ಸರ್.

ಲೇಬರ್ ಕನ್ಸಲ್ಟೆಂಟ್, ಧಾರವಾಡ: ಒಂದು ವರ್ಷದ ಮಾತು ಇಷ್ಟು ಅವಧಿಗೆ ಅಂತ ಒಪ್ಪಂದ ಮಾಡಿಕೊಂಡು ಸೇರಿದವರಿಗೆ. ಕಾಯಂ ಕೆಲಸದವರಿಗೆ ಐದು ವರ್ಷವೇ. ಚಾರ್ಜರ್‌ಗೋಸ್ಕರ ಲೆಟರ್ ತಡೆದದ್ದು ತಪ್ಪು. ಆದರೆ ಇಲ್ಲಿ ಕೇಳಿರೋದು ಅದಲ್ಲ. ಮೇಡಂ, ಆ ಹುಡುಗಿ ಸೇರಿ ಎಷ್ಟು ವರ್ಷ?

ಅಕೌಂಟೆಂಟ್, ಹುಬ್ಬಳ್ಳಿ: ಮೂರು ವರ್ಷ ಎರಡು ತಿಂಗಳು ಸರ್. ಕಾಯಂ.

ಲೇಬರ್ ಕನ್ಸಲ್ಟೆಂಟ್, ಧಾರವಾಡ: ಹಾಗಾದರೆ ಗ್ರಾಚುಟಿ ಇಲ್ಲ.

ಈಗ ದುಡ್ಡು ಯಾವಾಗ ಅನ್ನೋದು. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಯಲ್ಲಿದೆ. ತಾನಾಗಿ ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನದೊಳಗೆ ವೇತನ ಕೊಡಬೇಕು ಅನ್ನುತ್ತದೆ. ಮೊದಲು ಈ ಎರಡು ದಿನದ ಮಾತು ಮಾಲೀಕರೇ ಕೆಲಸದಿಂದ ತೆಗೆದವರಿಗೆ ಮಾತ್ರ ಇತ್ತು. ಹಳೇ ಕಾಯ್ದೆ ತಿಂಗಳಿಗೆ 24,000 ಮೇಲಿನವರಿಗೆ ಅನ್ವಯ ಆಗುತ್ತಲೂ ಇರಲಿಲ್ಲ. ಈಗ ಆ ಮಿತಿ ಹೋಗಿದೆ, 30,000ದವರೂ ಒಳಗೆ. "ಮುಂದಿನ ತಿಂಗಳು ನೋಡೋಣ" ಅನ್ನೋದನ್ನ ಸಾಹುಕಾರ್ರು ಬಿಡಬೇಕು. 18ಕ್ಕೆ ಬಿಟ್ಟರೆ, ನಡುವೆ ರಜೆ ಬರದಿದ್ದರೆ 20ಕ್ಕೆ ಕೈಗೆ ಸಿಗಬೇಕು.

ಅದೇ ಸಂಹಿತೆಯಲ್ಲಿ ಇನ್ನೊಂದು ತೊಡಕಿದೆ. ಒಂದು ವೇತನ ಅವಧಿಯಲ್ಲಿ ಎಲ್ಲ ಕಡಿತ ಸೇರಿ ವೇತನದ ಅರ್ಧ ದಾಟಬಾರದು. ನಮ್ಮ ಲೆಕ್ಕದಲ್ಲಿ ಪಿಎಫ್, ನೋಟಿಸ್, ಅಡ್ವಾನ್ಸ್ ಸೇರಿ ಕಡಿತ 26,440. ರಜೆ ದುಡ್ಡನ್ನೂ ವೇತನ ಅಂತ ಹಿಡಿದರೂ 39,000ದ ಅರ್ಧ 19,500. ಅಂದರೆ 6,940 ಜಾಸ್ತಿ ಆಗಿದೆ. ರಜೆ ದುಡ್ಡು ಬಿಟ್ಟರೆ ಮಿತಿ ಇನ್ನೂ ಕೆಳಗೆ ಹೋಗುತ್ತದೆ. ಅಡ್ವಾನ್ಸ್ ಹಿಡಿಯಬಹುದು ಅಂತ ಕಡಿತಗಳ ಪಟ್ಟಿಯಲ್ಲಿ ನೇರವಾಗಿಯೇ ಇದೆ. ನೋಟಿಸ್ ಹಣಕ್ಕೆ ಅಂಥ ಸಾಲಿಲ್ಲ. ಅದು ನಿಂತಿರೋದು ನಿಮ್ಮ ಲೆಟರಿನ ಬಲದ ಮೇಲೆ.

ಎಚ್‌ಆರ್, ಬೆಂಗಳೂರು: ಫೈನಲ್ ಸೆಟಲ್‌ಮೆಂಟ್‌ಗೆ ಈ ಅರ್ಧದ ಮಿತಿ ಯಾರೂ ನೋಡಲ್ಲ ಸರ್. ಆಮೇಲೆ ವಸೂಲಿ ಮಾಡೋಕೆ ಆ ಮನುಷ್ಯನೇ ಸಿಗಲ್ಲ. ಲೆಕ್ಕದ ಹಾಳೆಗೆ ಸಹಿ ಹಾಕಿಸಿಕೊಳ್ತೀವಿ, ಮುಗೀತು.

ಲೇಬರ್ ಕನ್ಸಲ್ಟೆಂಟ್, ಧಾರವಾಡ: ತುಂಬಾ ಜನ ಮಾಡೋದು ಹಾಗೇ, ಗೊತ್ತು. ದೂರು ಹೋಗುವವರೆಗೂ ನಡೆಯುತ್ತದೆ. ಕಾನೂನಿನ ಮಿತಿ ದಾಟೋಕೆ ಬರೀ ಸಹಿ ಸಾಕಾಗುತ್ತದೆ ಅಂತ ನಾನು ಬರೆದುಕೊಡಲ್ಲ. ನನ್ನ ಕಕ್ಷಿದಾರರಿಗೆ ನಾನು ಹೇಳೋದು ಬೇರೆ. ಅರ್ಧದವರೆಗೆ ಮಾತ್ರ ಹಿಡಿದು 19,500 ಬ್ಯಾಂಕಿಗೆ ಹಾಕಿ. ಉಳಿದ 6,940 ಅಡ್ವಾನ್ಸ್ ಬಾಕಿ ಅಂತ ಅವರಿಂದ ಬೇರೆ ಪತ್ರ ತಗೊಳ್ಳಿ. ಅವರಾಗಿ ಫೋನ್‌ಪೇ ಮಾಡಿದರೆ ರಸೀದಿ ಕೊಡಿ. ಅಡ್ವಾನ್ಸ್ ಕೊಟ್ಟಾಗಿನ ವೋಚರಿಗೆ ಅವರ ಸಹಿ ಇದೆ ತಾನೇ?

ಅಕೌಂಟೆಂಟ್, ಹುಬ್ಬಳ್ಳಿ: ಸಹಿ ಇದೆ ಸರ್. ತಿಂಗಳಿಗೆ 5,000ದಂತೆ ಐದು ಕಂತು ಹಿಡಿದದ್ದೂ ಸ್ಲಿಪ್‌ನಲ್ಲಿದೆ.

ಅಂಗಡಿ ಮಾಲೀಕರು, ದಾವಣಗೆರೆ: ಎಲ್ಲರೂ ಹೋಗುವವರ ಪರವೇ ಮಾತಾಡ್ತಿದ್ದೀರಿ. ಬಿಲ್ಲಿಂಗ್ ಮಾಡೋರು ಅರ್ಧ ತಿಂಗಳಲ್ಲಿ ಎದ್ದು ಹೋದರೆ ಅಂಗಡಿ ಕಥೆ ಏನು? ನನ್ನ ಹತ್ತಿರ ಒಬ್ಬ ಜಿಎಸ್‌ಟಿ ರಿಟರ್ನ್ ಕಟ್ಟುವ ವಾರ ಕೈಕೊಟ್ಟ. ಲೇಟ್ ಫೀ ನಾನು ಕಟ್ಟಿದೆ. ಅದನ್ನೂ ಹಿಡಿಯಬೇಕಿತ್ತು.

ಲೇಬರ್ ಕನ್ಸಲ್ಟೆಂಟ್, ಧಾರವಾಡ: ನಿಮ್ಮ ಸಿಟ್ಟು ಅರ್ಥ ಆಗುತ್ತದೆ ಸರ್. ಅದಕ್ಕೇ ನೋಟಿಸ್ ಸಾಲು ಇರೋದು, ನಾನೂ 10,000 ಹಿಡಿದೆನಲ್ಲ. ಲೇಟ್ ಫೀ ಬೇರೆ ಕಥೆ. ಅವನ ಕಡೆಯ ತಪ್ಪು ಅಂತ ತೋರಿಸಿ, ಅವನ ಉತ್ತರ ಕೇಳಿ, ಆಮೇಲೆ ಹಿಡಿಯೋದು. ಸುಮ್ನೆ ಲೆಕ್ಕದಲ್ಲಿ ಸೇರಿಸೋಕೆ ಬರಲ್ಲ.

ಹುಬ್ಬಳ್ಳಿ ಮೇಡಂ, ಇದನ್ನ ಮೊದಲೇ ಕೇಳಬೇಕಿತ್ತು. 18 ಅನ್ನೋ ತಾರೀಕು ಹೇಗೆ ಬಂತು? ಅವರೇ ಕೇಳಿದ್ದಾ? ಸಾಹುಕಾರ್ರು ಏನಂದರು?

ಅಕೌಂಟೆಂಟ್, ಹುಬ್ಬಳ್ಳಿ: ಅವಳೇ ಕೇಳಿದ್ದು. "ಸರ್, 18ಕ್ಕೆ ರಿಲೀವ್ ಮಾಡ್ತೀರಾ" ಅಂತ ವಾಟ್ಸಾಪ್ ಮಾಡಿದ್ದಳು. ಇವರು "ಆಯ್ತವ್ವಾ, ಹೊಸ ಹುಡುಗ ಬಂದಾನ, ಅವಗ ಕಲಿಸಿ 18ಕ್ಕ ಹೋಗು" ಅಂದಾರೆ. ನೋಟಿಸ್ ದುಡ್ಡಿನ ಮಾತು ಎಲ್ಲೂ ಬಂದಿಲ್ಲ.

ಲೇಬರ್ ಕನ್ಸಲ್ಟೆಂಟ್, ಧಾರವಾಡ: ಅಯ್ಯೋ, ಇದನ್ನ ಮೊದಲೇ ಹೇಳೋದಲ್ವಾ! ಇಬ್ಬರೂ ಒಪ್ಪಿ ನೋಟಿಸ್ ಕಡಿಮೆ ಮಾಡಿಕೊಂಡಿದ್ದಾರೆ ಅಂತ ಆ ಹುಡುಗಿ ಧಾರಾಳವಾಗಿ ಹೇಳಬಹುದು. "18ಕ್ಕೆ ಹೋಗು, ಉಳಿದ ದಿನದ ಬೇಸಿಕ್ ಹಿಡಿತೀನಿ" ಅಂದಿದ್ದರೆ ಮಾತು ಬೇರೆ ಇತ್ತು.

ಎಚ್‌ಆರ್, ಬೆಂಗಳೂರು: ಬೇಗ ಬಿಡೋಕೆ ಒಪ್ಪೋದು ಬೇರೆ, ದುಡ್ಡು ಬಿಡೋದು ಬೇರೆ ಸರ್. ಲೆಟರಿನ ಷರತ್ತು ಹಾಗೇ ಇದೆಯಲ್ಲ.

ಲೇಬರ್ ಕನ್ಸಲ್ಟೆಂಟ್, ಧಾರವಾಡ: ವಾದ ಮಾಡಬಹುದು. ಆದರೆ ಹೊಸ ಹುಡುಗನಿಗೆ ಕೆಲಸ ಕಲಿಸಿ ಹೋಗು ಅಂದವರು, ನಷ್ಟ ಆಯ್ತು ಅಂತ 10,000 ಹಿಡಿಯೋಕೆ ಹೊರಟರೆ ಕೇಳುವವರಿಗೆ ಹೇಗೆ ಕಾಣುತ್ತದೆ? ನಾನಾದರೆ ಬಿಟ್ಟುಬಿಡುತ್ತೇನೆ. ಆಗ ಕಡಿತ 16,440ಕ್ಕೆ ಇಳಿಯುತ್ತದೆ, 19,500ರ ಒಳಗೆ. ಅಡ್ವಾನ್ಸ್ ಪೂರ್ತಿ ಒಂದೇ ಸಲಕ್ಕೆ ತೀರುತ್ತದೆ. ಅವರ ಕೈಗೆ 22,560. ರಜೆ ದುಡ್ಡು ವೇತನವೇ ಅಲ್ಲ ಅಂತ ಯಾರಾದರೂ ತಕರಾರು ತೆಗೆದರೆ ಮಾತ್ರ ಅರ್ಧದ ಪ್ರಶ್ನೆ ಮತ್ತೆ ಬರುತ್ತದೆ.

ಅಕೌಂಟೆಂಟ್, ಹುಬ್ಬಳ್ಳಿ: ಎರಡೂ ಲೆಕ್ಕ ಬರೆದು ಸಾಹುಕಾರ್ರ ಮುಂದೆ ಇಟ್ಟೆ ಸರ್. 12,560ಕ್ಕೆ ಹೂಂ ಅಂದರು. 22,560 ನೋಡಿ ಕನ್ನಡಕ ತೆಗೆದರು. ಈಗ ಆ ಮೆಸೇಜ್ ಅಳಿಸಿಬಿಡ್ತೀನಿ ಅಂತಾರೆ.

ಲೇಬರ್ ಕನ್ಸಲ್ಟೆಂಟ್, ಧಾರವಾಡ: ಅವರ ಫೋನಿನಲ್ಲಿ ಅಳಿಸಲಿ ಮೇಡಂ. ಆಕೆ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರುತ್ತಾರೆ. ಬಿಲ್ಲಿಂಗ್ ಮಾಡಿದವರಲ್ವಾ.