ಫರ್ಸಿ ಗಣಿಗೆ ಎರಡು ಐಆರ್‌ಆರ್ ಬರ್ತಿದೆ, ಯಾವುದನ್ನ ನಂಬೋದು?

ಪ್ರಶ್ನೆ (ಚಿತ್ತಾಪುರ): ಮೇಡಂ, ಕಾಕಾ ಜೊತೆ ಸೇರಿ ಒಂದು ಫರ್ಸಿ ಕಲ್ಲಿನ ಗಣಿ ಲೀಸಿಗೆ ಹಿಡಿಯೋ ಯೋಚನೆ ಇದೆ. ಈಗ 10 ಲಕ್ಷ ಹಾಕಬೇಕು. ವರ್ಷದ ಕೊನೆಗೆ ಖರ್ಚು ಕಳೆದು 26 ಲಕ್ಷ ಬರುತ್ತೆ. ಎರಡನೇ ವರ್ಷದ ಕೊನೆಗೆ ಗುಂಡಿ ಮುಚ್ಚಿ ಹೊಲ ಸಮ ಮಾಡಿಕೊಡಲು 16.5 ಲಕ್ಷ ಬೇಕು. ಎಕ್ಸೆಲ್‌ನಲ್ಲಿ ನನಗೆ ಐಆರ್‌ಆರ್ 10% ಬಂತು, ತಮ್ಮನಿಗೆ 50%! ಸಾಲದ ಬಡ್ಡಿ 12%. ಹಿಡಿಯಬಹುದಾ?

ಸಾಲ ವಿಭಾಗದಲ್ಲಿರುವ ಒಬ್ಬರು (ಬೀದರ್): ಅದಕ್ಕೇ MIRR ಇರೋದು. ಅದರಲ್ಲಿ ಸಾಲದ ಬಡ್ಡಿ, ಬಂದ ಹಣ ಮತ್ತೆ ದುಡಿಯೋ ದರ ಎರಡನ್ನೂ ನಾವೇ ಕೊಡ್ತೀವಿ. ಎರಡೂ ಕಡೆ 12% ಹಾಕಿದರೆ 12.15% ಬರುತ್ತೆ. ಬಡ್ಡಿಗಿಂತ ಜಾಸ್ತಿ, ಹಿಡೀರಿ.

ಸಿಎ (ಕಲಬುರಗಿ): ಅಣ್ತಮ್ಮ ಇಬ್ಬರ ಲೆಕ್ಕವೂ ಸರಿ. ಐಆರ್‌ಆರ್ ಅಂದ್ರೆ ಹೋಗುವ, ಬರುವ ಹಣವನ್ನೆಲ್ಲ ಇವತ್ತಿನ ಬೆಲೆಗೆ ಇಳಿಸಿದಾಗ ಲಾಭ ಸೊನ್ನೆ ಆಗುವ ದರ. ಹಣ ಹೋಗಿ, ಬಂದು, ಮತ್ತೆ ಹೋಗುವ ಕಡೆ ಎರಡು ಉತ್ತರ ಬರಬಹುದು. ಗೆಸ್ ಕೊಡದಿದ್ದರೆ ಎಕ್ಸೆಲ್ 10%ರಿಂದ ಹುಡುಕುತ್ತದೆ. ತಮ್ಮ ಬೇರೆ ಗೆಸ್ ಕೊಟ್ಟಿರಬೇಕು. B2ರಲ್ಲಿ -1000000, B3ರಲ್ಲಿ 2600000, B4ರಲ್ಲಿ -1650000 ಹಾಕಿ ನೋಡಿ.

```
=IRR(B2:B4)
=IRR(B2:B4,0.4)
=B2+NPV(0.12,B3:B4)
```

ಮೂರನೆಯದು ಎನ್‌ಪಿವಿ, ಅಂದ್ರೆ ಇವತ್ತಿನ ಬೆಲೆಗೆ ಇಳಿಸಿದ ಲಾಭ. B2 ಹೊರಗಿರಲಿ, ಒಳಗೆ ಹಾಕಿದರೆ ಇವತ್ತಿನ 10 ಲಕ್ಷವನ್ನೂ ಒಂದು ವರ್ಷದ ಆಮೇಲಿನ ಹಣ ಅಂತ ಇಳಿಸಿಬಿಡುತ್ತದೆ. ಮೇಲೆ ಬರೆದ ಹಾಗೆ ಹಾಕಿದರೆ ಸುಮಾರು 6,060 ರೂಪಾಯಿ ಲಾಭ ತೋರಿಸುತ್ತದೆ. ದರ 8% ಹಾಕಿ ನೋಡಿ, ಸುಮಾರು 7,200 ನಷ್ಟ. ಬಡ್ಡಿ ಇಳಿದರೆ ನಷ್ಟ ಅಂದ್ರೆ ವಿಚಿತ್ರ ಅಲ್ವಾ?

ಕಾರಣ ಆ ಗುಂಡಿ. 26 ಲಕ್ಷದಲ್ಲಿ ಸಾಲ, ಬಡ್ಡಿ ಸೇರಿ 11.2 ಲಕ್ಷ ತೀರಿಸಿದಿರಿ. ಉಳಿದ 14.8 ಲಕ್ಷ ನಿಮ್ಮದಲ್ಲ, ಮಣ್ಣು ತುಂಬಿಸೋಕೆ ಎತ್ತಿಟ್ಟ ದುಡ್ಡು. ಅದು ಇನ್ನೊಂದು ವರ್ಷ 12% ದುಡಿದರೆ 16.576 ಲಕ್ಷ ಆಗುತ್ತದೆ, ಗುಂಡಿ ಮುಚ್ಚಿ 7,600 ಉಳಿಯುತ್ತದೆ. ಆದರೆ ಎಲ್ಲಿ ದುಡಿಯುತ್ತದೆ? ಎಫ್‌ಡಿಯಲ್ಲಿ 7% ಸಿಕ್ಕರೆ 15.836 ಲಕ್ಷ. ಆಗ 66,400 ಕೈಯಿಂದ ಹಾಕಬೇಕು.

ಬೀದರ್ ಸರ್, ನಿಮ್ಮ MIRR ಕೂಡ ಇಲ್ಲೇ ಎಡವಿತು. ಗುಂಡಿಯ ಖರ್ಚನ್ನೂ ಅದು 12%ರಲ್ಲೇ ಇಳಿಸಿ ಚಿಕ್ಕದು ಮಾಡಿಬಿಟ್ಟಿತು. ಆ ಖರ್ಚು ತಪ್ಪುವಂಥದ್ದಲ್ಲ.

ದಾಲ್ ಮಿಲ್‌ನವರು (ಸೇಡಂ): ನಮ್ಮದೂ ಮೊದಲೆರಡು ವರ್ಷ ಬರೀ ಖರ್ಚು, ಆಮೇಲೆ ಪ್ರತಿ ವರ್ಷ ಲಾಭ. ನಮಗೂ ಎರಡು ಐಆರ್‌ಆರ್ ಬರುತ್ತಾ ಮೇಡಂ?

ಸಿಎ: ಇಲ್ಲ. ನಿಮ್ಮದು ಮೈನಸ್‌ನಿಂದ ಪ್ಲಸ್‌ಗೆ ಒಂದೇ ಸಲ ತಿರುಗುತ್ತದೆ. ನಡುವೆ ದೊಡ್ಡ ಮಷೀನ್ ಬದಲಿಸಿ ಯಾವುದಾದರೂ ವರ್ಷ ಮೈನಸ್ ಆದರೆ ಹೇಳಿ.

ಪ್ರಶ್ನೆ ಕೇಳಿದವರು: ಆ 14.8 ಲಕ್ಷ ಕಾಕಾನ ಇನ್ನೊಂದು ಸಾಲ ತೀರಿಸೋಕೆ ಬಳಸಿದರೆ? ಅದಕ್ಕೂ 12% ಕಟ್ತಿದ್ದಾರೆ.

ಸಿಎ: ಆಗ 7,600 ನಿಜವಾಗಿಯೂ ಉಳಿಯುತ್ತದೆ. ಆದರೆ ಮಣ್ಣು ತುಂಬಿಸುವ ದಿನ 16.5 ಲಕ್ಷ ಕಾಕಾ ಎಲ್ಲಿಂದ ತರುತ್ತಾರೆ ಅಂತ ಅವರನ್ನೇ ಕೇಳಿ.

ಸಾಲ ವಿಭಾಗದಲ್ಲಿರುವವರು: ಹೊಸ ಸಾಲ ಸಿಗಬಹುದು. ಈ ಬಡ್ಡಿಗೇ ಸಿಗುತ್ತೆ ಅಂತ ಹೇಳೋಕಾಗಲ್ಲ.